ಮೂರು ದಿನದ ಮದುವೆಗೊಂದು ಕಾಗದ

ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ-ಕುಂಕುಮ ಹಚ್ಚಿ, ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಉಳಿದದ್ದನ್ನು ಊರಿಗೆಲ್ಲ ಹಂಚುವುದು ರೂಢಿ. ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ, ಲಗ್ನ, ಛತ್ರದ ವಿಳಾಸ ಎಲ್ಲವೂ ಅದರಲ್ಲಿರುತ್ತವೆ. ಬಂದು ಅಕ್ಷತೆ ಹಾಕಿ, ಊಟ ಮುಗಿಸಿ ಹೊರಡುವವರಿಗೆ ಅಷ್ಟು ಸಾಕು. ಆದರೆ ಹುಡುಗಿಯ ಸೋದರಮಾವ, ಚಿಕ್ಕಮ್ಮ, ಮುಂಬೈಯಿಂದ ಬರುವ ಸೋದರತ್ತೆ ಅಷ್ಟಕ್ಕೇ ಹೊರಟು ಬರಲಾರರು. ನಾಂದಿಗೆ ಎಷ್ಟು ಹೊತ್ತಿಗೆ ಇರಬೇಕು, ವರಪೂಜೆಗೆ ಯಾವ ಸೀರೆ, ಮಕ್ಕಳಿಗೆ ಬೆಳಿಗ್ಗೆ ತಿಂಡಿ ಎಷ್ಟು ಗಂಟೆಗೆ ಎಂಬುದೆಲ್ಲ ಅವರಿಗೆ ಬೇಕು. ಅದಕ್ಕಾಗಿಯೇ ಈಚೆಗೆ ಅನೇಕ ಮನೆಗಳಲ್ಲಿ ಪತ್ರಿಕೆಯ ಜೊತೆಗೆ ಹತ್ತಿರದವರಿಗೆ ಮಾತ್ರ ಪ್ರತ್ಯೇಕ ಕಾಗದ ಬರೆಯುತ್ತಾರೆ. ಅದು ಅಂಚೆಯಲ್ಲಿ ಹೋಗಬಹುದು, ವಾಟ್ಸ್ಆ್ಯಪಿನಲ್ಲೂ ಹೋಗಬಹುದು.

ಮೈಸೂರಿನ ಒಂದು ಸ್ಮಾರ್ತ ಮನೆಯ ಮದುವೆಯನ್ನೇ ಉದಾಹರಣೆಯಾಗಿ ನೋಡೋಣ. ಶುಕ್ರವಾರ ಮನೆಯಲ್ಲಿ ನಾಂದಿ, ಶನಿವಾರ ಬೆಳಿಗ್ಗೆ ಅರಿಶಿನ ಶಾಸ್ತ್ರ, ಸಂಜೆ ಛತ್ರದಲ್ಲಿ ವರಪೂಜೆ, ಭಾನುವಾರ ಮುಹೂರ್ತ, ಅದೇ ಸಂಜೆ ಆರತಕ್ಷತೆ. ಕ್ರಮ ಮನೆಯಿಂದ ಮನೆಗೆ ಬದಲಾಗುತ್ತದೆ. ಕೆಲವರು ಆರತಕ್ಷತೆಯನ್ನು ಮುಹೂರ್ತದ ಹಿಂದಿನ ಸಂಜೆಯೇ ಮುಗಿಸುತ್ತಾರೆ. ಹಾಗಾಗಿ ನೆಂಟರು ಇನ್ನೊಂದು ಮದುವೆಯ ನೆನಪಿನ ಮೇಲೆ ಹೊರಟರೆ ಎಡವುವುದು ಖಂಡಿತ.

ಕಾಗದ ಬರೆಯುವವರು ವೇಳೆಯ ಲೆಕ್ಕವನ್ನು ಮುಹೂರ್ತದಿಂದ ಹಿಂದಕ್ಕೆ ಹಾಕಬೇಕು. ಪುರೋಹಿತರು ಭಾನುವಾರ ಬೆಳಿಗ್ಗೆ 10.15ರಿಂದ 10.50ರೊಳಗೆ ಮೇಷ ಲಗ್ನ ಎಂದು ಬರೆದುಕೊಟ್ಟಿದ್ದಾರೆ ಎಂದುಕೊಳ್ಳಿ. ಆ ಹೊತ್ತಿಗೆ ಅಂತರಪಟ ಸರಿದು ಜೀರಿಗೆ-ಬೆಲ್ಲ ಬೀಳಬೇಕು. ಅದಕ್ಕೆ ಮೊದಲು ಹುಡುಗಿಯ ಗೌರಿಪೂಜೆ ಆಗಬೇಕು, ಅದಕ್ಕೂ ಮೊದಲು ಕಾಶಿಯಾತ್ರೆ. ಕೊಡೆ, ಕೋಲು ಹಿಡಿದು ಹೊರಟ ಹುಡುಗನನ್ನು ಹೆಣ್ಣಿನ ಕಡೆಯವರು ತಡೆದು ಒಪ್ಪಿಸಿ ಕರೆತರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಅಂದರೆ ಕಾಶಿಯಾತ್ರೆ 8.15ಕ್ಕೆ ಶುರುವಾಗಬೇಕು, ತಿಂಡಿಯ ಮೊದಲ ಪಂಕ್ತಿ 7.15ಕ್ಕೇ ಕೂರಬೇಕು. ಪತ್ರಿಕೆಯಲ್ಲಿ 10.15 ಎಂದು ಓದಿ ಹತ್ತಕ್ಕೆ ಬಂದ ನೆಂಟರಿಗೆ ಕಾಶಿಯಾತ್ರೆಯೂ ಇಲ್ಲ, ಬಿಸಿ ತಿಂಡಿಯೂ ಇಲ್ಲ. ಕಾಗದದಲ್ಲಿ ಬರೆಯಬೇಕಾದದ್ದು ಶಾಸ್ತ್ರ ನಡೆಯುವ ಹೊತ್ತಲ್ಲ, ನೆಂಟರು ಅಲ್ಲಿರಬೇಕಾದ ಹೊತ್ತು.

ಉಳಿದ ದಿನಗಳ ವೇಳೆಯನ್ನು ಹೆಚ್ಚಾಗಿ ರಾಹುಕಾಲ ನಿರ್ಧರಿಸುತ್ತದೆ. ಶುಕ್ರವಾರ ಅದು ಹತ್ತೂವರೆಯಿಂದ ಹನ್ನೆರಡರವರೆಗೆ. ಹಾಗಾಗಿ ನಾಂದಿಗೆ ಎಂಟೂವರೆಗೇ ಕೂರುತ್ತಾರೆ. ಶನಿವಾರ ಒಂಬತ್ತರಿಂದ ಹತ್ತೂವರೆ, ಆ ಹೊತ್ತಿನಲ್ಲಿ ಮನೆಬಿಟ್ಟು ಛತ್ರಕ್ಕೆ ಹೊರಡುವುದಿಲ್ಲ. ಭಾನುವಾರ ನಾಲ್ಕೂವರೆಯಿಂದ ಆರು, ಆದ್ದರಿಂದ ಆರತಕ್ಷತೆ ಆರೂವರೆಗೆ. ಇಷ್ಟನ್ನು ಒಂದು ಸಾಲಿನಲ್ಲಿ ತಿಳಿಸಿದರೆ ‘ಯಾಕಿಷ್ಟು ಬೇಗ’ ಎಂಬ ಗೊಣಗಾಟವೇ ಇರುವುದಿಲ್ಲ.

ನೆಂಟರು ನಿಜಕ್ಕೂ ತಪ್ಪುವುದು ನಸುಕಿನ ಮುಹೂರ್ತದಲ್ಲಿ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಬೆಳಗಿನ ಜಾವ 4.45ರ ಮುಹೂರ್ತ ಕ್ಯಾಲೆಂಡರಿಗೆ ಸೋಮವಾರವಾದರೆ ಪಂಚಾಂಗಕ್ಕೆ ಇನ್ನೂ ಭಾನುವಾರವೇ. ಪತ್ರಿಕೆಯಲ್ಲಿ ಭಾನುವಾರ ಎಂದಷ್ಟೇ ಅಚ್ಚಾದರೆ ಒಬ್ಬರು ಒಂದು ದಿನ ಮೊದಲೇ ಬಂದು ಕಾಯುತ್ತಾರೆ. ಸೋಮವಾರ ಎಂದಷ್ಟೇ ಹಾಕಿದರೆ ಇನ್ನೊಬ್ಬರು ಅಂದು ಬೆಳಿಗ್ಗೆ ರೈಲಿಳಿದು ಮುಗಿದ ಮದುವೆಗೆ ಬರುತ್ತಾರೆ. ‘ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ 4.45. ಭಾನುವಾರ ಸಂಜೆಯೊಳಗೆ ಛತ್ರದಲ್ಲಿರಿ’ ಎಂದು ಬರೆದರೆ ಅನುಮಾನಕ್ಕೆ ಎಡೆಯಿಲ್ಲ. ಅಮೆರಿಕದಿಂದ ಟಿಕೆಟ್ ಮಾಡಿಸುವವರಿಗಂತೂ ಈ ಎರಡನೆಯ ವಾಕ್ಯ ಇರಲೇಬೇಕು.

ಇನ್ನು ಉಡುಗೆ. ಉತ್ತರದ ಮದುವೆಗಳಿಂದ ಬಂದ ಮೆಹಂದಿ, ಸಂಗೀತ್‌ಗಳ ಜೊತೆ ದಿನಕ್ಕೊಂದು ಬಣ್ಣ ಗೊತ್ತುಮಾಡುವ ಪದ್ಧತಿಯೂ ಬಂದಿದೆ. ಫೋಟೋ ಚೆನ್ನಾಗಿ ಬರುತ್ತದೆ ನಿಜ. ಆದರೆ ನಾಲ್ಕು ಜನರ ಸಂಸಾರ ಒಂದೇ ಮದುವೆಗಾಗಿ ಮೂರು ಬಣ್ಣದ ಹೊಸ ಬಟ್ಟೆ ಕೊಳ್ಳಬೇಕಾಗುವುದು ಹಗುರ ಹೊರೆಯಲ್ಲ. ಬಣ್ಣಕ್ಕಿಂತ ಕಾರಣ ಬರೆಯುವ ಕಾಗದ ಮೇಲು. ಅರಿಶಿನ ಶಾಸ್ತ್ರಕ್ಕೆ ಹಳೆಯ ಹತ್ತಿ ಬಟ್ಟೆ ಎಂದರೆ ಅದಕ್ಕೆ ಗಟ್ಟಿ ಕಾರಣವಿದೆ. ಅರಿಶಿನ ಹತ್ತಿದ ಬಟ್ಟೆಗೆ ಸೋಪು ಹಚ್ಚಿದರೆ ಕಲೆ ಕೆಂಪಗಾಗುತ್ತದೆ. ತೊಳೆದು ಬಿಸಿಲಿಗೆ ಹರವಿದರೆ ಹತ್ತಿಯಲ್ಲಿ ನಿಧಾನವಾಗಿ ಮಾಸುತ್ತದೆ, ರೇಷ್ಮೆಯನ್ನು ಹಾಗೆ ಬಿಸಿಲಿಗೆ ಹಾಕಲಾಗದು. ಮುಹೂರ್ತದಂದು ಹೋಮದ ಹತ್ತಿರ ಕೂರುವವರಿಗೆ ಸಿಂಥೆಟಿಕ್ ಬೇಡ ಎನ್ನುವುದೂ ಹಾಗೆಯೇ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ.

ಎಲ್ಲರಿಗೂ ಒಂದೇ ಕಾಗದ ಕಳಿಸಿದರೂ ಕೆಲಸ ಇರುವವರಿಗೆ ಕೆಳಗೆ ಎರಡು ಸಾಲು ಬೇರೆ ಸೇರಿಸಬೇಕಾಗುತ್ತದೆ. ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವ. ಲಾಜಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕುವುದು ಅವಳ ತಮ್ಮನೋ ಅಣ್ಣನೋ. ಇವರು ಪ್ಯಾಂಟಿನಲ್ಲಿ ಬಂದಿಳಿದರೆ ಕೊನೆಗಳಿಗೆಯಲ್ಲಿ ಪಂಚೆ ಹುಡುಕುವ ಗಡಿಬಿಡಿ ಶುರು. ಹುಡುಗಿಯ ತಾಯಿ ತನ್ನ ಅಣ್ಣನಿಗೆ ಬರೆಯುವ ಸಾಲು ಹೀಗಿರಬಹುದು:

‘ಅಣ್ಣ, ಅತ್ತಿಗೆಗೆ ನಮಸ್ಕಾರ. ಶುಕ್ರವಾರ ನಾಂದಿಗೆ ಎಂಟು ಗಂಟೆಗೆ ಮನೆಯಲ್ಲಿರಿ. ಭಾನುವಾರ ಹತ್ತಕ್ಕೆ ಮಗುವನ್ನು ಹಸೆಗೆ ಕರ್ಕೊಂಡು ಬರೋದು ನೀನೇ, ಒಂಬತ್ತೂವರೆಗೇ ಪಂಚೆ-ಶಲ್ಯ ಉಟ್ಟು ರೆಡಿ ಇರು. ಪಂಚೆ ನಾನು ತೆಗೆದಿಟ್ಟಿದ್ದೀನಿ, ತರೋದು ಬೇಡ. ಅತ್ತಿಗೆ, ವರಪೂಜೆಗೆ ನಿಮ್ಮ ಹಸಿರು ರೇಷ್ಮೆ ಸೀರೇನೇ ಉಡಿ. ಶನಿವಾರ ರಾತ್ರಿ ಛತ್ರದಲ್ಲೇ ಮಲಗೋದು, ಒಂದು ಹೊದಿಕೆ ತನ್ನಿ.’

ಗಂಡ ತೀರಿಕೊಂಡ ಅತ್ತೆಗೋ ದೊಡ್ಡಮ್ಮನಿಗೋ ಬರೆಯುವಾಗ ಇನ್ನಷ್ಟು ಗಮನ ಬೇಕು. ಅರಿಶಿನ ಶಾಸ್ತ್ರದಿಂದ, ಆರತಿಯಿಂದ ಅವರನ್ನು ದೂರ ಇಟ್ಟ ಕಾಲವೊಂದಿತ್ತು. ಆ ಅಳುಕಿಗೆ ಇಂದಿಗೂ ಎಷ್ಟೋ ಜನ ಊಟದ ಹೊತ್ತಿಗಷ್ಟೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ‘ದೊಡ್ಡಮ್ಮ, ಶನಿವಾರ ಬೆಳಿಗ್ಗೆ ಅರಿಶಿನ ಹಚ್ಚೋಕೆ ನೀವು ಇರಲೇಬೇಕು’ ಎಂದು ಹೆಸರು ಹಿಡಿದು ಬರೆದರೆ ಅವರು ಇನ್ನೊಬ್ಬರು ಕರೆಯಲಿ ಎಂದು ಬಾಗಿಲಲ್ಲಿ ಕಾಯಬೇಕಿಲ್ಲ. ಇಂಥ ಸಾಲನ್ನು ಅಚ್ಚಿನ ಪತ್ರಿಕೆಯಲ್ಲಿ ಹಾಕಲಾಗದು.

ಕಾಗದ ಯಾವಾಗ ಕೈಸೇರಬೇಕು? 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು, ಹಿಂದೆ ಇದ್ದಂತೆ 120 ದಿನ ಅಲ್ಲ. ಮದುವೆ ಕಾಲದಲ್ಲಿ ಟಿಕೆಟ್ ಬೇಗ ಮುಗಿಯುವುದರಿಂದ ಅದಕ್ಕೆ ಒಂದು ವಾರ ಮುಂಚೆ ದಿನಾಂಕಗಳು ನೆಂಟರ ಕೈಯಲ್ಲಿರಬೇಕು. ಹೊಸ ಸೀರೆಗೆ ಕುಚ್ಚು ಹಾಕಿಸಿ ರವಿಕೆ ಹೊಲಿಸಲೂ ಆಗ ಸಮಯ ಸಿಗುತ್ತದೆ. ಪುರೋಹಿತರು ಆಮೇಲೆ ವೇಳೆ ತಿದ್ದಿದರೆ ಹಳೆಯ ಕಾಗದದ ಮೇಲೆ ಗೀಚಿ ಫೋಟೋ ಕಳಿಸಬಾರದು. ಎರಡೂ ಗುಂಪಿನಲ್ಲಿ ಓಡಾಡಿ, ಯಾವುದು ಸರಿ ಎಂದು ಮುಹೂರ್ತದ ಹಿಂದಿನ ರಾತ್ರಿ ಫೋನುಗಳು ಶುರುವಾಗುತ್ತವೆ. ಇಡೀ ಕಾಗದವನ್ನು ಹೊಸದಾಗಿ ಬರೆದು, ತಲೆಯ ಮೇಲೆ ತಿದ್ದಿದ ದಿನಾಂಕ ಹಾಕಿ, ವಿಚಾರಿಸಲು ಒಬ್ಬರ ನಂಬರ್ ಕೊಡಬೇಕು. ಆ ಒಬ್ಬರು ಹುಡುಗಿಯ ತಂದೆ-ತಾಯಿ ಆಗಿರಬಾರದು. ಶುಕ್ರವಾರ ಬೆಳಗಿನಿಂದ ಅವರು ನಾಂದಿಯ ಮಣೆಯ ಮೇಲಿರುತ್ತಾರೆ, ಫೋನು ಎತ್ತಲು ಅವರಿಗೆ ಬಿಡುವಿರುವುದಿಲ್ಲ.