ಮನಸ್ಸಿನ ಚಿತ್ರಕ್ಕೆ ಸಾಲಿನ ಸಾಕ್ಷಿ

ಮೂರನೇ ಅಥವಾ ನಾಲ್ಕನೇ ತರಗತಿಯ ಮಗುವಿಗೆ ಈ ಐದು ಸಾಲು ಕೊಡಿ:

‘ಹಳ್ಳದ ಆಚೆ ದಡದಲ್ಲಿ ಒಂದು ಹೆಂಚಿನ ಮನೆ. ಅಂಗಳದ ಎಡಗಡೆ ಬಾವಿ, ಅದಕ್ಕೆ ಮೊಣಕಾಲೆತ್ತರದ ಕಟ್ಟೆ. ಬಾವಿಯತ್ತ ಬಾಗಿದ ಹಲಸಿನ ಮರದ ಬುಡದಲ್ಲೇ ಎರಡು ಕಾಯಿ ಬಿಟ್ಟಿವೆ. ಕಟ್ಟೆಯ ಮೇಲೆ ಕೂತು ಅಜ್ಜಿ ಹಗ್ಗ ಹೊಸೆಯುತ್ತಿದ್ದಾಳೆ. ಆ ಬಾವಿ ಬತ್ತಿ ವರ್ಷಗಳೇ ಆದವು.’

‘ಓದಿದೆಯಾ?’ ಎಂದರೆ ಮಗು ಹೂಂ ಎನ್ನುತ್ತದೆ. ಅರ್ಥವಾಯಿತಾ ಎಂದು ಕೇಳಿದರೂ ಹೂಂ. ಓದಿದ್ದನ್ನು ಒಂದು ಹಾಳೆಯ ಮೇಲೆ ಗೀಚಿ ತೋರಿಸು ಎಂದಾಗಲೇ ಒಳಗೆ ಏನಾಯಿತೆಂದು ತಿಳಿಯುವುದು. ರಾಟೆಯಿಂದ ನೀರು ತುಂಬಿದ ಕೊಡ ಇಳಿಬಿದ್ದಿರುತ್ತದೆ. ಹಲಸಿನ ಕಾಯಿಗಳು ಮಾವಿನಂತೆ ಕೊಂಬೆಯ ತುದಿಯಲ್ಲಿ ತೂಗುತ್ತಿರುತ್ತವೆ. ಬಾವಿಕಟ್ಟೆ ಅಜ್ಜಿಯ ಎದೆಯವರೆಗೆ ಬಂದಿರುತ್ತದೆ. ಓದುವಾಗ ಮನಸ್ಸಿನಲ್ಲಿ ಚಿತ್ರ ಮೂಡಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುವವರು ಬಹಳ ಜನ. ಆ ಚಿತ್ರವನ್ನು ಮರಳಿ ಸಾಲಿನ ಮುಂದೆ ಹಿಡಿದು ನೋಡುವುದನ್ನು ಕಲಿಸುವವರು ಕಡಿಮೆ. ನನ್ನ ಮಟ್ಟಿಗೆ ಪಾಠದ ತಿರುಳು ಇರುವುದು ಈ ಎರಡನೇ ಹೆಜ್ಜೆಯಲ್ಲೇ.

ಇದಕ್ಕೆ ಐದಾರು ಸಾಲಿನ ವರ್ಣನೆ ಸಾಕು. ಪುಸ್ತಕದಲ್ಲಿ ಚಿತ್ರವಿದ್ದರೆ ಹಾಳೆಯಿಂದ ಮುಚ್ಚಿಡಿ. ಇಲ್ಲದಿದ್ದರೆ ಮಗು ಸಾಲನ್ನು ಬಿಟ್ಟು ಅದನ್ನೇ ನಕಲು ಮಾಡುತ್ತದೆ. ಅಕ್ಷರ ಕೂಡಿಸುವುದೇ ಇನ್ನೂ ಕಷ್ಟವಾಗಿರುವ ಮಗುವಿಗೆ ನೀವೇ ನಿಧಾನವಾಗಿ ಓದಿ ಹೇಳಿ. ಗೆರೆ ಅಂದವಾಗಿರಬೇಕಿಲ್ಲ, ಮನೆಗೆ ಒಂದು ಚೌಕ, ಬಾವಿಗೆ ಒಂದು ಸುತ್ತು ಬರೆದರೂ ಆದೀತು.

ಚಿತ್ರ ಮುಗಿದ ಮೇಲೆ ಅದರ ಒಂದೊಂದು ವಸ್ತುವಿನ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿ: ‘ಇದನ್ನು ಯಾವ ಮಾತು ಹೇಳಿತು, ತೋರಿಸು.’ ಮಗು ಆ ಮಾತಿನ ಕೆಳಗೆ ಗೆರೆ ಎಳೆಯಬೇಕು. ಆಗ ಚಿತ್ರದಲ್ಲಿರುವುದೆಲ್ಲ ಮೂರು ಪಾಲಾಗುತ್ತದೆ. ಸಾಲು ಹೇಳಿದ್ದು ಒಂದು, ಸಾಲು ಹೇಳದೆ ಮಗು ತಾನೇ ಸೇರಿಸಿದ್ದು ಇನ್ನೊಂದು, ಸಾಲಿಗೆ ವಿರುದ್ಧವಾದದ್ದು ಮತ್ತೊಂದು.

ದೊಡ್ಡವರು ಎಡವುವುದು ಎರಡನೆಯ ಪಾಲಿನಲ್ಲಿ. ಅಜ್ಜಿಗೆ ಹಸಿರು ಸೀರೆ ಉಡಿಸಿದರೆ ‘ಎಲ್ಲಿದೆ ಹಸಿರು?’ ಎಂದು ಗದರುತ್ತಾರೆ. ಸೀರೆಯ ಬಣ್ಣವನ್ನು ಸಾಲು ಹೇಳಿಲ್ಲ, ಹಸಿರು ಅಲ್ಲ ಎಂದೂ ಹೇಳಿಲ್ಲ. ಅದು ಮಗುವಿನ ಸ್ವಂತದ್ದು, ಹಾಗೇ ಇರಲಿ. ಅಂಗಳದ ಎಡಗಡೆಯೂ ಹಾಗೆಯೇ. ಮನೆಯೊಳಗಿಂದ ಹೊರಬರುವವರ ಎಡವೋ, ಎದುರಿಗೆ ನಿಂತವರ ಎಡವೋ ಎಂದು ಸಾಲು ಬಿಡಿಸಿ ಹೇಳಿಲ್ಲ. ಇಬ್ಬರು ಮಕ್ಕಳು ಎರಡು ಬದಿಗೆ ಬಾವಿ ಬರೆದರೆ ಎರಡೂ ಸರಿ, ಯಾಕೆ ಸರಿ ಎಂಬ ಚರ್ಚೆಗೆ ಹತ್ತು ನಿಮಿಷ ಹೋದರೂ ನಷ್ಟವಿಲ್ಲ.

ತಿದ್ದಬೇಕಾದದ್ದು ಮೂರನೆಯ ಪಾಲು. ಅದನ್ನೂ ಮಗುವೇ ತಿದ್ದಬೇಕು. ‘ಕಟ್ಟೆ ಇಷ್ಟೆತ್ತರ ಇದ್ದರೆ ಅಜ್ಜಿ ಹೇಗೆ ಹತ್ತಿ ಕೂತಳು?’ ಎಂದು ಕೇಳಿದರೆ ಅದು ಮತ್ತೆ ಓದಿ ‘ಮೊಣಕಾಲೆತ್ತರ’ವನ್ನು ಹಿಡಿಯುತ್ತದೆ. ಕೊಡದ ತಪ್ಪಿನ ಕಾರಣ ಬೇರೆ. ಬಾವಿ ಎಂದ ಕೂಡಲೇ ಮೂಡಿದ ಚಿತ್ರ ಅಲ್ಲೇ ಗಟ್ಟಿಯಾಗಿಬಿಟ್ಟಿದೆ, ಕೊನೆಯ ಸಾಲು ಬಂದರೂ ಬದಲಾಗಿಲ್ಲ. ಇಂಥ ಮಗುವಿಗೆ ಒಂದೊಂದೇ ಸಾಲು ತೆರೆದು ತೋರಿಸಿ, ಪ್ರತಿ ಸಾಲಿಗೂ ‘ಈಗ ಏನು ಬದಲಾಯಿತು?’ ಎಂದು ಕೇಳಬೇಕು. ಹಲಸಿನದು ಓದಿನ ತಪ್ಪೇ ಅಲ್ಲದಿರಬಹುದು. ಮರವನ್ನೇ ಕಾಣದ ಮಗು ಬುಡದಲ್ಲಿ ಕಾಯಿ ಬಿಡುವುದನ್ನು ಹೇಗೆ ನಂಬೀತು? ಅಲ್ಲಿ ಮರಳಿ ಓದಿಸಿ ಪ್ರಯೋಜನವಿಲ್ಲ, ಮರವನ್ನೋ ಫೋಟೋವನ್ನೋ ತೋರಿಸಬೇಕು.

ಕೆಲವರಿಗೆ ಎಷ್ಟು ಯತ್ನಿಸಿದರೂ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ನರವಿಜ್ಞಾನಿ ಆಡಮ್ ಜೆಮನ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಅಫ್ಯಾಂಟೇಸಿಯ ಎಂದು ಕರೆದರು. ‘ನನಗೇನೂ ಕಾಣಿಸುತ್ತಿಲ್ಲ’ ಎನ್ನುವ ಮಗುವನ್ನು ಒತ್ತಾಯಿಸಬೇಡಿ. ಬೆಂಕಿಪೊಟ್ಟಣವನ್ನು ಮನೆ ಮಾಡಿ, ಬಳೆಯನ್ನು ಬಾವಿ ಮಾಡಿ ನೆಲದ ಮೇಲೆ ಜೋಡಿಸಲಿ. ಸಾಲಿಗೆ ತಾಳೆ ನೋಡುವ ಕೆಲಸ ಹಾಗೂ ನಡೆಯುತ್ತದೆ. ಆದರೆ ಇಡೀ ಕಥೆಯನ್ನು ಹೀಗೆ ಸಾಲುಸಾಲಿಗೆ ನಿಲ್ಲಿಸಿ ಓದಿಸಿದರೆ ಕಥೆಯೇ ಕೆಡುತ್ತದೆ. ವಾರಕ್ಕೊಮ್ಮೆ ಒಂದು ವರ್ಣನೆ ಸಾಕೆಂದು ನನ್ನ ಅನಿಸಿಕೆ.

ಅಮೆರಿಕದ ಲಿಂಡಾ ಗ್ಯಾಂಬ್ರೆಲ್ ಮತ್ತು ರೂಬಿ ಬೇಲ್ಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಹತ್ತಿರದ್ದು. ಓದಿನಲ್ಲಿ ಹಿಂದುಳಿದ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಅವರು ಬೇಕೆಂದೇ ವಿರೋಧ ಅಡಗಿಸಿದ ಬರಹ ಕೊಟ್ಟಿದ್ದರು. ಚಿತ್ರ ಕಲ್ಪಿಸಿಕೊಂಡು ಓದಲು ಕಲಿತ ಮಕ್ಕಳು ಆ ವಿರೋಧಗಳನ್ನು ಉಳಿದವರಿಗಿಂತ ಹೆಚ್ಚಾಗಿ ಹಿಡಿದರು.

ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಕೆಲವು ವಾರಗಳ ನಂತರ ಮೇಲಿನ ಐದು ಸಾಲಿಗೆ ಆರನೆಯದೊಂದು ಸೇರಿಸಿ: ‘ಅಜ್ಜಿ ಬಾವಿಯಿಂದ ಒಂದು ಕೊಡ ನೀರು ಸೇದಿ ಕಾಲು ತೊಳೆದಳು.’ ಏನನ್ನೂ ಕೇಳದೆ ಮಗುವಿಗೆ ಓದಲು ಬಿಡಿ. ಅದು ತಾನಾಗಿ ನಿಂತು ಮೇಲಿನ ಸಾಲಿಗೆ ಮರಳಿದರೆ ಅಭ್ಯಾಸ ಒಳಗಿಳಿದಿದೆ. ಸರಾಗವಾಗಿ ಓದಿಕೊಂಡು ಮುಂದೆ ಹೋದರೆ ಬೈಯಬೇಡಿ. ಪೆನ್ಸಿಲ್ ಕೊಟ್ಟು, ಅಜ್ಜಿ ನೀರು ಸೇದುವುದನ್ನು ಅದೇ ಚಿತ್ರದಲ್ಲಿ ಬರೆಯಲು ಹೇಳಿ.