ಬೆರಳು ಇನ್ನೂ ನೆಟ್ಟಗಾಗುತ್ತದೆಯೇ?

ಬಿಳಿ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಂತು, ಪಾದದ ಸುತ್ತ ಪೆನ್ಸಿಲ್ ಎಳೆಯಿರಿ. ಆಮೇಲೆ ನೀವು ದಿನವೂ ಹಾಕುವ ಶೂವನ್ನು ಆ ಚಿತ್ರದ ಮೇಲಿಡಿ. ಬೆರಳುಗಳ ಜಾಗದಲ್ಲಿ ಪೆನ್ಸಿಲ್ ಗೆರೆ ಶೂವಿನ ಅಂಚಿನಿಂದ ಆಚೆ ಕಂಡರೆ, ಆ ಶೂ ಹಾಕಿಕೊಂಡಷ್ಟು ಹೊತ್ತೂ ನಿಮ್ಮ ಬೆರಳುಗಳು ಅಷ್ಟು ಒಳಕ್ಕೆ ಒತ್ತಿಸಿಕೊಂಡೇ ಇರುತ್ತವೆ. ಮುಂಭಾಗ ಚೂಪಾಗಿರುವ ಹೆಂಗಸರ ಶೂಗಳಲ್ಲಿ ಈ ವ್ಯತ್ಯಾಸ ನೋಡಿದವರು ಬೆಚ್ಚುತ್ತಾರೆ.

ಒತ್ತಡಕ್ಕೆ ಸಿಕ್ಕ ಬೆರಳು ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಮಡಚಿಕೊಳ್ಳಬೇಕು. ಹೆಚ್ಚಾಗಿ ಮಡಚಿಕೊಳ್ಳುವುದು ಎರಡನೆಯ ಬೆರಳು. ಅನೇಕರಲ್ಲಿ ಅದೇ ಎಲ್ಲಕ್ಕಿಂತ ಉದ್ದ, ಹಾಗಾಗಿ ಶೂವಿನ ತುದಿಗೆ ಮೊದಲು ತಾಗುವುದೂ ಅದೇ. ಹೆಬ್ಬೆರಳು ಒಳಕ್ಕೆ ವಾಲಿ ಅದರ ಬುಡದ ಮೂಳೆ ಉಬ್ಬಿದ್ದರೆ ಎರಡನೆಯ ಬೆರಳಿಗೆ ಎರಡೂ ಕಡೆಯಿಂದ ಪೆಟ್ಟು. ಹಿಮ್ಮಡಿ ಎತ್ತರದ ಶೂ ಆದರೆ ಇಡೀ ಪಾದ ಮುಂದಕ್ಕೆ ಜಾರಿ, ಮೈಭಾರವೆಲ್ಲ ಆ ಇಕ್ಕಟ್ಟಿಗೇ ಬಂದು ಬೀಳುತ್ತದೆ.

ಬೆರಳಿನ ನಡುಗಂಟು ಮೇಲಕ್ಕೆ ಎದ್ದು, ತುದಿ ಕೆಳಕ್ಕೆ ಇಳಿದು, ಬೆರಳು ಹೆಂಚಿನ ಮಾಡಿನಂತೆ ನಿಂತರೆ ಅದಕ್ಕೆ ವೈದ್ಯರು ಹ್ಯಾಮರ್ ಟೋ ಎನ್ನುತ್ತಾರೆ. ಬುಡದ ಕೀಲು ಹಿಂದಕ್ಕೆ ಎತ್ತಿಕೊಂಡು, ನಡುವಿನ ಕೀಲು ಮತ್ತು ತುದಿಯ ಕೀಲು ಎರಡೂ ಕೆಳಕ್ಕೆ ಮಡಚಿ, ಉಗುರು ನೆಲವನ್ನು ಕೆರೆಯುವಂತಾದರೆ ಅದು ಕ್ಲಾ ಟೋ. ಹ್ಯಾಮರ್ ಟೋ ಬರಲು ಇಕ್ಕಟ್ಟಿನ ಶೂ ಒಂದೇ ಸಾಕು. ಆದರೆ ನಾಲ್ಕೈದು ಬೆರಳುಗಳು ಒಟ್ಟಿಗೆ ಕ್ಲಾ ಟೋ ಆಗಿದ್ದರೆ ಶೂವನ್ನಷ್ಟೇ ದೂರಿ ಸುಮ್ಮನಾಗಬಾರದು, ನರಗಳನ್ನೂ ಪರೀಕ್ಷಿಸಬೇಕು. ಪಾದದೊಳಗಿನ ಸಣ್ಣ ಸ್ನಾಯುಗಳು ಬೆರಳನ್ನು ನೆಟ್ಟಗೆ ಹಿಡಿದಿರುತ್ತವೆ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠರೋಗದಿಂದಲೋ ಅವುಗಳ ನರ ಸೋತಾಗ, ಕಾಲಿನಿಂದ ಇಳಿದು ಬರುವ ಉದ್ದದ ಸ್ನಾಯುರಜ್ಜುಗಳು ಎದುರಾಳಿಯಿಲ್ಲದೆ ಎಳೆದು ಬೆರಳನ್ನು ಮಡಚಿಬಿಡುತ್ತವೆ.

ಮೊದಮೊದಲು ಮಡಚಿದ ಬೆರಳು ಶೂ ಬಿಚ್ಚಿದ ಕೂಡಲೇ ನೆಟ್ಟಗಾಗುತ್ತದೆ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ, ವರ್ಷಗಟ್ಟಲೆ ಹಾಗೇ ಮಡಚಿಟ್ಟರೆ ಕೆಳಗಿನ ರಜ್ಜು ಗಿಡ್ಡವಾಗುತ್ತದೆ, ಕೀಲಿನ ಸುತ್ತಲ ಪೊರೆ ಬಿಗಿಯುತ್ತದೆ. ಆಮೇಲೆ ಕೈಯಲ್ಲಿ ಹಿಡಿದು ಎಳೆದರೂ ಬೆರಳು ನೆಟ್ಟಗಾಗುವುದಿಲ್ಲ. ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಬೆರಳು ಎಷ್ಟು ಡೊಂಕಾಗಿದೆ ಅನ್ನುವುದಕ್ಕಿಂತ, ಆ ಡೊಂಕು ಇನ್ನೂ ಬಿಡುತ್ತದೆಯೇ ಅನ್ನುವುದೇ ಮುಖ್ಯ.

ಅದನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಅಂಗಾಲಿನಲ್ಲಿ ಡೊಂಕು ಬೆರಳಿನ ಬುಡಕ್ಕೆ, ಗಟ್ಟಿಯಾಗಿ ಉಬ್ಬಿರುವ ಮೂಳೆಯ ಕೆಳಗೆ, ಹೆಬ್ಬೆಟ್ಟಿನಿಂದ ಮೇಲ್ಮುಖವಾಗಿ ಒತ್ತಿ. ಬೆರಳು ತಾನಾಗಿ ನೀಳವಾದರೆ ಅದಿನ್ನೂ ಮೆತುವಾಗಿದೆ. ಅರ್ಧ ಮಾತ್ರ ನೀಳವಾದರೆ ಬಿಗಿತ ಶುರುವಾಗಿದೆ. ಒಂದಿಷ್ಟೂ ಅಲುಗದಿದ್ದರೆ ಕೀಲು ಸೆಟೆದುಹೋಗಿದೆ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ, ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು, ಸಮವಸ್ತ್ರದ ಜೊತೆ ಮುಂಭಾಗ ಕಿರಿದಾದ ಕಪ್ಪು ಶೂ ಕಡ್ಡಾಯ. ಮೊದಲು ಎರಡನೆಯ ಬೆರಳಿನ ಗಂಟು ಕೆಂಪಾಯಿತು. ವರ್ಷ ಕಳೆದ ಮೇಲೆ ಅಲ್ಲೊಂದು ಆಣಿ ಕಟ್ಟಿತು. ಔಷಧಿ ಅಂಗಡಿಯಿಂದ ಆಣಿ ಪಟ್ಟಿ ತಂದು ಅಂಟಿಸಿದರು, ಆಣಿ ಉದುರಿತು, ಎರಡು ತಿಂಗಳಲ್ಲಿ ಮತ್ತೆ ಬಂತು. ಬರದೇ ಇನ್ನೇನು? ಚರ್ಮ ದಪ್ಪಗಾಗುವುದು ಉಜ್ಜಾಟವನ್ನು ತಡೆಯಲಿಕ್ಕೆ. ಉಜ್ಜುವ ಶೂ ಅಲ್ಲೇ ಇರುವಾಗ ಆಣಿಯನ್ನಷ್ಟೇ ಕಿತ್ತರೆ ಅದು ಮರಳಿ ಬಂದೇ ಬರುತ್ತದೆ. ಈಚೆಗೆ ಅವರಿಗೆ ಅಂಗಾಲಿನ ಮುಂಭಾಗದಲ್ಲೂ ನೋವು. ಬೆರಳು ಎತ್ತಿಕೊಂಡಾಗ ಅದರ ಬುಡದ ಮೂಳೆ ಕೆಳಕ್ಕೆ ತಳ್ಳಲ್ಪಟ್ಟು, ಕಲ್ಲು ತುಳಿದ ಹಾಗೆ ಚುಚ್ಚುತ್ತದೆ.

ಇವರ ಬೆರಳು ಹೆಬ್ಬೆಟ್ಟಿನ ಪರೀಕ್ಷೆಯಲ್ಲಿ ನೀಳವಾಯಿತು ಎನ್ನೋಣ. ಆಗ ಮೊದಲ ಚಿಕಿತ್ಸೆ ಶೂ ಬದಲಿಸುವುದು, ಅದನ್ನು ಬಿಟ್ಟು ಮಿಕ್ಕದ್ದೇನೂ ನಡೆಯದು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಹಾಗಾಗಿ ಆಗಲೇ ಅಂಗಡಿಗೆ ಹೋಗಬೇಕು. ಎರಡೂ ಕಾಲಿಗೆ ಹಾಕಿ, ಎದ್ದು ನಿಂತು, ಅತಿ ಉದ್ದದ ಬೆರಳಿಗೂ ಶೂವಿನ ತುದಿಗೂ ನಡುವೆ ಸುಮಾರು 1 ಸೆಂಟಿಮೀಟರ್ ಜಾಗ ಇದೆಯೇ ನೋಡಬೇಕು. ಅಷ್ಟೇ ಮುಖ್ಯವಾದದ್ದು ಒಳಗಿನ ಎತ್ತರ. ಅಗಲ ಎಷ್ಟಿದ್ದರೂ ಮೇಲ್ಹೊದಿಕೆ ತಗ್ಗಾಗಿದ್ದರೆ ಎದ್ದು ನಿಂತ ಗಂಟಿಗೆ ಉಜ್ಜಾಟ ತಪ್ಪದು. ಎರಡು ನಂಬರ್ ದೊಡ್ಡ ಶೂ ಕೊಳ್ಳುವುದು ಪರಿಹಾರವಲ್ಲ. ಸಡಿಲ ಶೂವಿನಲ್ಲಿ ಪಾದ ಮುಂದಕ್ಕೆ ಜಾರುತ್ತದೆ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿಯಲ್ಲೂ ಅದು ಕಳಚಿಹೋಗದಂತೆ ಬೆರಳುಗಳು ಮಡಚಿ ಹಿಡಿಯಬೇಕಾಗುತ್ತದೆ. ಹಿಮ್ಮಡಿಗೆ ಅಥವಾ ಪಾದದ ಮೇಲ್ಭಾಗಕ್ಕೆ ಪಟ್ಟಿ ಇರುವುದೇ ಮೇಲು. ಕೆಲಸದ ಜಾಗದಲ್ಲಿ ಇಂಥದೇ ಶೂ ಎಂಬ ನಿಯಮವಿದ್ದರೆ, ವೈದ್ಯರಿಂದ ಪತ್ರ ಬರೆಸಿಕೊಂಡು ಕೇಳಲು ಹಿಂಜರಿಯಬಾರದು. ದಿನದ ಹತ್ತು ಗಂಟೆ ಅದೇ ಶೂನಲ್ಲಿದ್ದು ಮನೆಯಲ್ಲಿ ಮಾತ್ರ ಅಗಲ ಚಪ್ಪಲಿ ಹಾಕಿ ಏನೂ ಪ್ರಯೋಜನವಿಲ್ಲ.

ನಮ್ಮಲ್ಲಿ ಮದುವೆಯಾದ ಹೆಂಗಸರ ಕಾಲುಂಗುರ ಇರುವುದೂ ಇದೇ ಎರಡನೆಯ ಬೆರಳಿನಲ್ಲಿ. ಬೆರಳು ಊದಿ ಉಂಗುರ ಬಿಗಿದು, ಅದರಡಿ ಚರ್ಮ ಹುಣ್ಣಾಗುವುದುಂಟು. ಗಂಟು ದಪ್ಪವಾಗುತ್ತಿದ್ದಂತೆ ಉಂಗುರವನ್ನು ಸಡಿಲ ಮಾಡಿಸಿಕೊಳ್ಳುವುದು ಒಳ್ಳೆಯದು. ತೀರಾ ತಡವಾದರೆ ಕತ್ತರಿಸಿಯೇ ತೆಗೆಯಬೇಕಾದೀತು.

ಶೂ ಸರಿಯಾದ ಮೇಲೆ ಸ್ಪ್ಲಿಂಟಿನ ಮಾತು. ಹೆಚ್ಚು ಬಳಕೆಯಲ್ಲಿರುವುದರಲ್ಲಿ ಅಂಗಾಲಿನ ಮುಂಭಾಗಕ್ಕೆ ಕೂರುವ ಮೆತ್ತನೆಯ ದಿಂಬು, ಅದಕ್ಕೆ ಹೊಲಿದ ಇಲಾಸ್ಟಿಕ್ ಕುಣಿಕೆ ಇರುತ್ತವೆ. ಕುಣಿಕೆಯನ್ನು ಎದ್ದ ಬೆರಳಿನ ಮೇಲಿಂದ ಹಾಕಿದರೆ ಅದು ಬೆರಳನ್ನು ಕೆಳಕ್ಕೆ ಎಳೆದು ನೀಳವಾಗಿ ಇಡುತ್ತದೆ. ಬೆರಳ ತುದಿ ನೆಲಕ್ಕೆ ಒತ್ತುತ್ತಿದ್ದರೆ ಬೆರಳುಗಳ ಅಡಿಗೆ ಇಡುವ ಸಿಲಿಕೋನಿನ ದಿಂಡು ತುದಿಯನ್ನು ಎತ್ತಿ ಹಿಡಿಯುತ್ತದೆ. ಗಂಟಿನ ಮೇಲೆ ಆಣಿಯಿದ್ದರೆ ಸಿಲಿಕೋನಿನ ಕೊಳವೆಯಂಥ ತೊಡಿಗೆ ಸಾಕು. ಇವೆಲ್ಲ ಜಾಗ ತಿನ್ನುತ್ತವೆ ಎಂಬುದನ್ನು ಮರೆಯಬಾರದು. ಹಳೆಯ ಇಕ್ಕಟ್ಟಿನ ಶೂವಿನೊಳಗೆ ಸ್ಪ್ಲಿಂಟ್ ತುರುಕಿದರೆ ನೋವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಮೊದಲ ದಿನ ಒಂದೆರಡು ಗಂಟೆ ಹಾಕಿ ಬಿಚ್ಚಿ ನೋಡಬೇಕು. ಬೆರಳು ನೀಲಿಗಟ್ಟಿದ್ದರೆ, ಜೋಮು ಹಿಡಿದಿದ್ದರೆ, ಚರ್ಮದ ಮೇಲೆ ಅಚ್ಚು ಮೂಡಿ ಹೋಗದೇ ಉಳಿದಿದ್ದರೆ ಅದು ಬಿಗಿಯಾಯಿತು.

ಜಾಹೀರಾತುಗಳು ಹೇಳದ ಸತ್ಯವೊಂದಿದೆ. ದೊಡ್ಡವರಲ್ಲಿ ಸ್ಪ್ಲಿಂಟು ಬೆರಳನ್ನು ಶಾಶ್ವತವಾಗಿ ನೇರ ಮಾಡುವುದಿಲ್ಲ. ಹಾಕಿಕೊಂಡಷ್ಟು ಹೊತ್ತು ನೋವು ತಗ್ಗಿಸುತ್ತದೆ, ಉಜ್ಜಾಟ ತಪ್ಪಿಸುತ್ತದೆ, ಬಿಚ್ಚಿದರೆ ಬೆರಳು ಮತ್ತೆ ಮೊದಲಿನಂತೆ. ನೋವಿಲ್ಲದೆ ಓಡಾಡಬೇಕೆನ್ನುವವರಿಗೆ ಇಷ್ಟು ಸಾಕು, ನಾನಂತೂ ಇದನ್ನು ಸಣ್ಣ ಲಾಭ ಎನ್ನಲಾರೆ. ಆದರೆ ಸೆಟೆದ ಕೀಲಿಗೆ ಕುಣಿಕೆ ಹಾಕಿ ಎಳೆಯುವುದು ವ್ಯರ್ಥ. ಅಲ್ಲಿ ಮೆತ್ತೆ ಹಾಕಬಹುದು, ಎಳೆಯಬಾರದು.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಸರಿಯಾದ ಶೂ, ಮೆತ್ತೆ, ಸ್ಪ್ಲಿಂಟು ಇವನ್ನು ಕೆಲವು ತಿಂಗಳು ಶ್ರದ್ಧೆಯಿಂದ ಬಳಸಿದ ಮೇಲೂ ನೋವು ನಿತ್ಯದ ಓಡಾಟಕ್ಕೆ ಅಡ್ಡಿಯಾದಾಗ, ಆಣಿ ಒಡೆದು ಮತ್ತೆಮತ್ತೆ ಹುಣ್ಣಾದಾಗ, ಅಥವಾ ಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತಾಗ. ನೋವಿಲ್ಲದ ಬೆರಳನ್ನು ಬರೀ ಅಂದಕ್ಕಾಗಿ ಕೊಯ್ಯಿಸಿಕೊಳ್ಳುವುದು ಬೇಡ. ಮೊದಲು ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಸುತ್ತಾರೆ. ಪಾದದ ನಾಡಿ ಮುಟ್ಟಿ ರಕ್ತ ಚೆನ್ನಾಗಿ ಹರಿಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ರಕ್ತ ಸಾಲದ ಪಾದದಲ್ಲಿ ಸಣ್ಣ ಗಾಯವೂ ಮಾಯುವುದಿಲ್ಲ.

ಬೆರಳು ಮೆತುವಾಗಿದ್ದರೆ ಕೆಲಸವೆಲ್ಲ ರಜ್ಜುವಿನ ಮೇಲೆ: ಬಿಗಿದದ್ದನ್ನು ಸಡಿಲಿಸುತ್ತಾರೆ, ಇಲ್ಲವೇ ಕೆಳಗಿನ ರಜ್ಜುವನ್ನು ಮೇಲಕ್ಕೆ ತಿರುಗಿಸಿ ಕೂರಿಸುತ್ತಾರೆ. ನಮ್ಮ ಉದಾಹರಣೆಯ ಹೆಂಗಸು ಇನ್ನೂ ಐದಾರು ವರ್ಷ ಅದೇ ಶೂನಲ್ಲಿ ಕಳೆದು, ಕೀಲು ಸೆಟೆದ ಮೇಲೆ ಬಂದರೆಂದುಕೊಳ್ಳಿ. ಆಗ ಮೂಳೆಯನ್ನೇ ಮುಟ್ಟಬೇಕು. ಸಾಮಾನ್ಯವಾಗಿ ಪಾದಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ನಡುಗಂಟಿನ ಮೇಲೆ ಕೊಯ್ದು, ಮೂಳೆಯ ತುದಿಯ ಸಣ್ಣ ಚೂರು ತೆಗೆಯುತ್ತಾರೆ. ಬೆರಳು ನೀಳವಾಗಲು ಜಾಗ ಸಿಗುತ್ತದೆ. ಹಾಗೇ ಉಳಿಯಲು ಬೆರಳ ತುದಿಯಿಂದ ಒಳಕ್ಕೆ ತೆಳು ಉಕ್ಕಿನ ತಂತಿ ಹಾಯಿಸುತ್ತಾರೆ. ತಂತಿಯ ಮೊನೆ 4ರಿಂದ 6 ವಾರ ಹೊರಗೇ ಕಾಣುತ್ತಿರುತ್ತದೆ. ಅಷ್ಟು ದಿನ ಗಟ್ಟಿ ಅಟ್ಟೆಯ ವಿಶೇಷ ಚಪ್ಪಲಿ ಹಾಕಿ, ಭಾರವನ್ನು ಹಿಮ್ಮಡಿಗೆ ಕೊಟ್ಟು ನಡೆಯಬೇಕು, ತಂತಿಗೆ ನೀರು ತಾಗಿಸಬಾರದು. ಆಮೇಲೆ ಹೊರರೋಗಿ ವಿಭಾಗದಲ್ಲೇ ತಂತಿ ಎಳೆದು ತೆಗೆಯುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ತಿಳಿದಿರಲಿ. ಮೂಳೆ ಬೆಸೆಯುವಂತೆ ಮಾಡಿದ್ದರೆ ನಡುಗಂಟು ಮುಂದೆ ಮಡಚುವುದಿಲ್ಲ. ಊತ ಇಳಿಯಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಹಿಡಿದೀತು. ಬೆರಳು ನೆಲಕ್ಕೆ ತಾಗದೆ ತುಸು ಮೇಲೇ ನಿಲ್ಲಬಹುದು, ಜೋಮು ಉಳಿಯಬಹುದು, ತಂತಿಯ ದಾರಿಯಲ್ಲಿ ಸೋಂಕಾಗಬಹುದು. ಹೆಬ್ಬೆರಳಿನ ವಾಲಿಕೆಯನ್ನು ಸರಿಮಾಡದೆ ಎರಡನೆಯದನ್ನಷ್ಟೇ ನೆಟ್ಟಗೆ ಮಾಡಿದರೆ ಅದು ಮತ್ತೆ ಡೊಂಕಾಗುವ ಸಂಭವ ಹೆಚ್ಚು. ಹಾಗಾಗಿ ವೈದ್ಯರನ್ನು ಈ ಬಗ್ಗೆ ಕೇಳಲೇಬೇಕು.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಪಾದದ ಸ್ಪರ್ಶ ಹೋಗಿದ್ದರೆ ನೋವು ಎಚ್ಚರಿಸುವುದೇ ಇಲ್ಲ, ಆಣಿಯ ಅಡಿಯಲ್ಲಿ ಹುಣ್ಣು ಸದ್ದಿಲ್ಲದೆ ಬೆಳೆಯುತ್ತದೆ. ಆಣಿ ಪಟ್ಟಿಯಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಬ್ಲೇಡಿನಿಂದ ಕೆರೆದುಕೊಳ್ಳುವುದಂತೂ ಇನ್ನೂ ಅಪಾಯ. ಇವರು ಇವೆರಡನ್ನೂ, ಬಿಗಿ ಕುಣಿಕೆಯ ಸ್ಪ್ಲಿಂಟನ್ನೂ ದೂರ ಇಡಬೇಕು. ಕುಷ್ಠರೋಗಿಗಳ ಪಾದಕ್ಕೆಂದು ನಮ್ಮ ದೇಶದಲ್ಲಿ ಬಳಕೆಗೆ ಬಂದ ಮೃದು ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಇವರಿಗೂ ಸಲ್ಲುತ್ತದೆ, ಹಿಂಪಟ್ಟಿ ಇದ್ದದ್ದನ್ನು ಆರಿಸಬೇಕು. ಮೆತು ಬೆರಳಿನ ತುದಿಯಲ್ಲಿ ಹುಣ್ಣಾಗಿ ಮಾಯದಿದ್ದರೆ, ಕೆಳಗಿನ ರಜ್ಜುವನ್ನು ಸಣ್ಣ ಮೊನೆಯಿಂದ ಕತ್ತರಿಸುವ ಪುಟ್ಟ ಚಿಕಿತ್ಸೆಗೆ ವೈದ್ಯರು ಬೇಗನೇ ಮುಂದಾಗುತ್ತಾರೆ. ತುದಿಯ ಮೇಲಿನ ಒತ್ತಡ ಇಳಿದರೆ ಹುಣ್ಣು ಮಾಯುವ ದಾರಿ ತೆರೆಯುತ್ತದೆ. ಆಣಿ ಕಪ್ಪಾದರೆ, ಒಸರಿದರೆ, ಸುತ್ತ ಕೆಂಪು ಹರಡಿದರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.