ಬೆಳವಣಿಗೆಗೆ ದುಡ್ಡು ಎಲ್ಲಿಂದ?

ಷೇರು ದಲ್ಲಾಳಿ ಸಂಸ್ಥೆಗಳು ಹೊರಡಿಸುವ ವರದಿಗಳ ಕೊನೆಯ ಪುಟಗಳಲ್ಲಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಕಂಪನಿಯ ಮುಂದಿನ ಐದೋ ಹತ್ತೋ ವರ್ಷಗಳ ಲಾಭವನ್ನು ಅಂದಾಜು ಮಾಡಿದ ಮೇಲೆ, ಅಲ್ಲಿಂದಾಚೆ ಅದು ವರ್ಷಕ್ಕೆ ಶೇ ಇಂತಿಷ್ಟು ಬೆಳೆಯುತ್ತಲೇ ಹೋಗುತ್ತದೆ ಎಂದು ಅಲ್ಲೊಂದು ಅಂಕಿ ಹಾಕಿರುತ್ತಾರೆ. ಷೇರಿಗೆ ಅವರು ಕಟ್ಟುವ ಬೆಲೆಯಲ್ಲಿ ಎಷ್ಟೋ ಸಲ ಅರ್ಧಕ್ಕೂ ಹೆಚ್ಚು ಪಾಲು ಆ ಒಂದೇ ಅಂಕಿಯ ಮೇಲೆ ನಿಂತಿರುತ್ತದೆ. ಅದು ಆರು ಯಾಕೆ, ಒಂಬತ್ತು ಯಾಕಲ್ಲ ಎಂದು ಕೇಳುವವರು ಕಡಿಮೆ.

ಕೇಳಲೇಬೇಕಾದ ಪ್ರಶ್ನೆ ಅದು. ಬೆಳೆಯಲು ಕಂಪನಿಗೆ ಬಂಡವಾಳ ಬೇಕು. ಹೊಸ ಷೇರು ಮಾರದೆ, ಸಾಲದ ಪ್ರಮಾಣವನ್ನು ಏರಿಸದೆ ಆ ಬಂಡವಾಳ ಬರಬೇಕಾದರೆ ಲಾಭದಲ್ಲಿ ಉಳಿಸಿಕೊಂಡ ಪಾಲಿನಿಂದಲೇ ಬರಬೇಕು. ಹೀಗೆ ತನ್ನ ಕಾಲಮೇಲೆ ತಾನೇ ನಿಂತು ಬೆಳೆಯಬಲ್ಲ ವೇಗಕ್ಕೆ ‘ಸುಸ್ಥಿರ ಬೆಳವಣಿಗೆ ದರ’ ಎನ್ನುತ್ತಾರೆ. ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಹಿಗಿನ್ಸ್, ಕಂಪನಿಯೊಂದು ಎಷ್ಟು ಬೆಳವಣಿಗೆಯನ್ನು ತಾಳಿಕೊಂಡೀತು ಎಂದು ಕೇಳಿ 1977ರಲ್ಲಿ ಬರೆದ ಲೇಖನದ ನಂತರ ಇದು ಹಣಕಾಸು ಪಾಠಗಳಲ್ಲಿ ನೆಲೆಯಾಯಿತು. ಲೆಕ್ಕ ಒಂದೇ ಸಾಲಿನದು: ಷೇರುದಾರರ ಬಂಡವಾಳದ ಮೇಲೆ ಬರುವ ಲಾಭದ ದರವನ್ನು (ಮಾರುಕಟ್ಟೆಯ ಮಾತಿನಲ್ಲಿ ಆರ್‌ಒಇ), ಲಾಭದಲ್ಲಿ ಉಳಿಸಿಕೊಂಡ ಪಾಲಿನಿಂದ ಗುಣಿಸಬೇಕು.

ಒಂದು ಬಿಡಿಭಾಗ ಕಾರ್ಖಾನೆ ಇದೆ ಎಂದುಕೊಳ್ಳಿ. ವರ್ಷದ ಆರಂಭದಲ್ಲಿ ಷೇರುದಾರರ ಬಂಡವಾಳ, ಅಂದರೆ ಮೂಲ ಬಂಡವಾಳ ಮತ್ತು ಮೀಸಲು ನಿಧಿ ಎರಡೂ ಸೇರಿ, 100 ಕೋಟಿ ರೂಪಾಯಿ. ವರ್ಷದ ಲಾಭ 15 ಕೋಟಿ. ಅದರಲ್ಲಿ 6 ಕೋಟಿಯನ್ನು ಡಿವಿಡೆಂಡ್ ಎಂದು ಹಂಚಿ, 9 ಕೋಟಿಯನ್ನು ಉಳಿಸಿಕೊಂಡರು. ಆರ್‌ಒಇ ಶೇ 15, ಉಳಿಕೆಯ ಪಾಲು ಶೇ 60, ಎರಡನ್ನೂ ಗುಣಿಸಿದರೆ ಶೇ 9. ಮುಂದಿನ ವರ್ಷ ಬಂಡವಾಳ 109 ಕೋಟಿ; ಅದರ ಮೇಲೆಯೂ ಶೇ 15 ಸಿಕ್ಕರೆ ಲಾಭ 16.35 ಕೋಟಿ. ಲಾಭವೂ ಸರಿಯಾಗಿ ಶೇ 9 ಬೆಳೆಯಿತು. ಆರ್‌ಒಇಯನ್ನು ವರ್ಷದ ಆರಂಭದ ಬಂಡವಾಳದ ಮೇಲೆ ಕಟ್ಟಿದರೆ ಮಾತ್ರ ಹೀಗೆ ತಾಳೆಯಾಗುತ್ತದೆ. ವರ್ಷಾಂತ್ಯದ ಬಂಡವಾಳ ಹಿಡಿದರೆ ಉತ್ತರ ಸ್ವಲ್ಪ ಕೆಳಗಿಳಿಯುತ್ತದೆ.

ಇನ್ನು ಬೆಲೆ ಕಟ್ಟುವುದು. ಮುಂದಿನ ಡಿವಿಡೆಂಡನ್ನು, ಹೂಡಿಕೆದಾರ ಬಯಸುವ ಪ್ರತಿಫಲದಿಂದ ಬೆಳವಣಿಗೆ ದರವನ್ನು ಕಳೆದು ಉಳಿದದ್ದರಿಂದ ಭಾಗಿಸುವುದು ಎಲ್ಲರಿಗೂ ಪರಿಚಿತವಾದ ವಿಧಾನ. ಮೈರನ್ ಗಾರ್ಡನ್ ಹೆಸರಿನಲ್ಲಿ ಇದು ಚಾಲ್ತಿಯಲ್ಲಿದೆ. ನಮ್ಮ ಕಾರ್ಖಾನೆಯ ಷೇರುದಾರ ಶೇ 12ರ ಪ್ರತಿಫಲ ಬಯಸುತ್ತಾನೆ ಎಂದಿಟ್ಟುಕೊಳ್ಳೋಣ. 12ರಲ್ಲಿ 9 ಕಳೆದರೆ 3. 6 ಕೋಟಿಯನ್ನು ಶೇ 3ರಿಂದ ಭಾಗಿಸಿದರೆ ಕಂಪನಿಯ ಬೆಲೆ 200 ಕೋಟಿ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಉತ್ಸಾಹಿ ವಿಶ್ಲೇಷಕನೊಬ್ಬ ‘ಈ ಕಂಪನಿ ಶೇ 11 ಬೆಳೆದೀತು’ ಎಂದು 9 ಅಳಿಸಿ 11 ಬರೆಯುತ್ತಾನೆ. 6 ಕೋಟಿಯನ್ನು ಶೇ 1ರಿಂದ ಭಾಗಿಸಿದರೆ 600 ಕೋಟಿ. ಒಂದು ಅಂಕಿ ತಿದ್ದಿದ್ದಕ್ಕೆ ಕಂಪನಿಯ ಬೆಲೆ ಮೂರು ಪಟ್ಟಾಯಿತು! ಆದರೆ ಆ ಹೆಚ್ಚಿನ ಬೆಳವಣಿಗೆಗೆ ದುಡ್ಡು ಕೊಟ್ಟವರು ಯಾರು? ಶೇ 15ರ ಆರ್‌ಒಇ ಇಟ್ಟುಕೊಂಡು ಶೇ 11 ಬೆಳೆಯಬೇಕಾದರೆ 15 ಕೋಟಿ ಲಾಭದಲ್ಲಿ 11 ಕೋಟಿಯನ್ನು ಒಳಗೇ ಇಟ್ಟುಕೊಳ್ಳಬೇಕು. ಹಂಚಲು ಉಳಿಯುವುದು 4 ಕೋಟಿ ಮಾತ್ರ. ಹಾಗೆ ತಿದ್ದಿದರೆ ಬೆಲೆ 400 ಕೋಟಿ. ಬೆಳವಣಿಗೆಯನ್ನು ಏರಿಸಿ ಡಿವಿಡೆಂಡನ್ನು ಇದ್ದಲ್ಲೇ ಬಿಟ್ಟವನು, ಇಲ್ಲದ 200 ಕೋಟಿಯನ್ನು ಕಾಗದದ ಮೇಲೆ ಹುಟ್ಟಿಸಿದ್ದಾನೆ. ಆ 400 ಕೋಟಿಯೂ ನನಗೆ ಅನುಮಾನವೇ. ದೇಶದ ಒಟ್ಟು ಆರ್ಥಿಕತೆಗಿಂತ ವೇಗವಾಗಿ ಕೊನೆಯಿಲ್ಲದೆ ಬೆಳೆಯುವ ಕಂಪನಿ ಒಂದು ದಿನ ದೇಶಕ್ಕಿಂತ ದೊಡ್ಡದಾಗಬೇಕಾಗುತ್ತದೆ. ಹಾಗಾಗಿ ಈ ಸೂತ್ರದಿಂದ ಬಂದ ದರಕ್ಕೂ ಮೇಲೊಂದು ಮಿತಿ ಹಾಕಲೇಬೇಕು.

ಬೆಳವಣಿಗೆ ಯಾವಾಗಲೂ ಬೆಲೆ ಹೆಚ್ಚಿಸುತ್ತದೆ ಎಂಬ ನಂಬಿಕೆಯನ್ನೂ ಇದೇ ಲೆಕ್ಕ ಮುರಿಯುತ್ತದೆ. ಅದೇ 100 ಕೋಟಿ ಬಂಡವಾಳದ ಕಾರ್ಖಾನೆಗೆ ಆರ್‌ಒಇ ಶೇ 10 ಮಾತ್ರ ಇದ್ದರೆ? ಶೇ 9 ಬೆಳೆಯಲು 10 ಕೋಟಿ ಲಾಭದಲ್ಲಿ 9 ಕೋಟಿ ಹಿಡಿದಿಡಬೇಕು. ಕೈಗೆ ಬರುವುದು 1 ಕೋಟಿ, ಬೆಲೆ ಸುಮಾರು 33 ಕೋಟಿ. ಬೆಳೆಯುವ ಗೊಡವೆಗೇ ಹೋಗದೆ 10 ಕೋಟಿಯನ್ನೂ ವರ್ಷವರ್ಷ ಹಂಚಿಬಿಟ್ಟಿದ್ದರೆ ಬೆಲೆ 83 ಕೋಟಿ ಆಗುತ್ತಿತ್ತು. ಷೇರುದಾರ ಹೊರಗೆ ಶೇ 12 ಗಳಿಸಬಲ್ಲ ಹಣವನ್ನು ಶೇ 10 ಗಳಿಸುವ ಕಡೆ ಕಟ್ಟಿಹಾಕಿದ್ದರ ಫಲ ಇದು. ವಹಿವಾಟು ವರ್ಷವರ್ಷ ಏರುತ್ತಿದ್ದರೂ ಷೇರು ಮಲಗಿಯೇ ಇರುವ ಕಂಪನಿಗಳಲ್ಲಿ ಹಲವಕ್ಕೆ ಇದೇ ಕಾಯಿಲೆ.

ಈಗ ನಿಜವಾದ ಕಂಪನಿಯೊಂದನ್ನು ನೋಡೋಣ. ಬೆಂಗಳೂರಿನ ಇನ್ಫೊಸಿಸ್ 2022-23ರಲ್ಲಿ ಗಳಿಸಿದ ಲಾಭ ಸುಮಾರು 24,000 ಕೋಟಿ ರೂಪಾಯಿ. ವರ್ಷದ ಆರಂಭದಲ್ಲಿ ಷೇರುದಾರರ ಬಂಡವಾಳ ಸುಮಾರು 75,000 ಕೋಟಿ. ಆರ್‌ಒಇ ಶೇ 32. ಆ ವರ್ಷಕ್ಕೆ ಘೋಷಿಸಿದ ಡಿವಿಡೆಂಡ್ ಷೇರಿಗೆ 34 ರೂಪಾಯಿ, ಒಟ್ಟು ಸುಮಾರು 14,000 ಕೋಟಿ. ಉಳಿದದ್ದು 10,000 ಕೋಟಿ, ಅಂದರೆ ಲಾಭದ ಶೇ 42. ಸೂತ್ರಕ್ಕೆ ಹಾಕಿದರೆ ಸುಸ್ಥಿರ ಬೆಳವಣಿಗೆ ಶೇ 13ಕ್ಕೂ ಮೇಲೆ. ಹೂಡಿಕೆದಾರ ಬಯಸುವುದು ಶೇ 12 ಆದರೆ 12ರಲ್ಲಿ 13 ಕಳೆಯಲು ಹೊರಟಂತೆ, ಬೆಲೆಯೇ ಋಣಾತ್ಮಕವಾಗಿಬಿಡುತ್ತದೆ. ಹೀಗೆ ಬಂದಾಗ ಸೂತ್ರವನ್ನು ಬೈಯುವ ಮೊದಲು ಹಾಕಿದ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು.

ಇಲ್ಲಿ ಬಿಟ್ಟುಹೋದದ್ದು ಬೈಬ್ಯಾಕ್. 2022ರ ಡಿಸೆಂಬರ್‌ನಿಂದ 2023ರ ಫೆಬ್ರುವರಿವರೆಗೆ ಇನ್ಫೊಸಿಸ್ 9,300 ಕೋಟಿ ರೂಪಾಯಿ ಕೊಟ್ಟು ತನ್ನದೇ ಷೇರುಗಳನ್ನು ಮಾರುಕಟ್ಟೆಯಿಂದ ಕೊಂಡು ರದ್ದು ಮಾಡಿತು. ಡಿವಿಡೆಂಡ್ ಎಂದು ಕರೆದರೂ ಬೈಬ್ಯಾಕ್ ಎಂದು ಕರೆದರೂ ಕಂಪನಿಯ ತಿಜೋರಿಯಿಂದ ಹೊರಹೋದ ದುಡ್ಡು ದುಡ್ಡೇ. ಅದನ್ನೂ ಸೇರಿಸಿದರೆ ಲಾಭದ ಶೇ 97ರಷ್ಟು ಷೇರುದಾರರ ಕೈಗೆ ಹೋಗಿದೆ, ಉಳಿಕೆ ಶೇ 3. ಆಗ ಬೈಬ್ಯಾಕ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟಬೇಕಿದ್ದುದರಿಂದ ನಿಜಕ್ಕೆ ಅಷ್ಟೂ ಉಳಿಯಲಿಲ್ಲ ಎನ್ನಬೇಕು. ಬ್ಯಾಲೆನ್ಸ್ ಶೀಟ್ ಇದಕ್ಕೆ ಸಾಕ್ಷಿ: 2023ರ ಮಾರ್ಚ್ ಕೊನೆಗೂ ಷೇರುದಾರರ ಬಂಡವಾಳ ಅದೇ ಸುಮಾರು 75,000 ಕೋಟಿ. ಲೆಕ್ಕದ ಪ್ರಕಾರ ಸುಸ್ಥಿರ ಬೆಳವಣಿಗೆ ಹೆಚ್ಚೆಂದರೆ ಶೇ 1.

ಆದರೆ ಅದೇ ವರ್ಷ ಕಂಪನಿಯ ಆದಾಯ ರೂಪಾಯಿ ಲೆಕ್ಕದಲ್ಲಿ ಶೇ 20ಕ್ಕಿಂತ ಹೆಚ್ಚು ಏರಿತು. ಬಂಡವಾಳ ಒಂದಿಂಚೂ ಬೆಳೆಯದೆ ವ್ಯಾಪಾರ ಐದನೇ ಒಂದು ಪಾಲು ಬೆಳೆಯಿತು! ಸೂತ್ರದ ಮಿತಿ ಕಾಣುವುದು ಇಲ್ಲಿ. ಸೂತ್ರದ ಹಿಂದಿರುವುದು, ಮಾರಾಟ ಹೆಚ್ಚಬೇಕಾದರೆ ಯಂತ್ರ, ಕಟ್ಟಡ, ದಾಸ್ತಾನು ಎಲ್ಲವೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು ಎಂಬ ಕಲ್ಪನೆ. ಸಾಫ್ಟ್‌ವೇರ್ ಕಂಪನಿಗೆ ಮುಖ್ಯವಾಗಿ ಬೇಕಿರುವುದು ಜನ. ಅವರ ಸಂಬಳ ಖರ್ಚಿನಲ್ಲೇ ಕಳೆದುಹೋಗಿರುತ್ತದೆ, ಬಂಡವಾಳವಾಗಿ ಪುಸ್ತಕದಲ್ಲಿ ಕೂರುವುದಿಲ್ಲ. ಇಂಥ ಕಂಪನಿಯ ಬೆಳವಣಿಗೆಯನ್ನು ತಡೆಯುವುದು ದುಡ್ಡಿನ ಕೊರತೆಯಲ್ಲ, ಗ್ರಾಹಕರ ಬೇಡಿಕೆ. ಮರುವರ್ಷ ಅದೂ ಕಂಡಿತು: 2023-24ರಲ್ಲಿ ಆದಾಯದ ಏರಿಕೆ ಶೇ 5ಕ್ಕೂ ಕಡಿಮೆ.

ಹಾಗಾದರೆ ಇಂಥ ಕಡೆ ಲೆಕ್ಕವನ್ನು ತಿರುಗಿಸಿ ಮಾಡುವುದು ಒಳ್ಳೆಯದು. 2023ರ ಮಾರ್ಚ್‌ನಲ್ಲಿ ಮಾರುಕಟ್ಟೆ ಇನ್ಫೊಸಿಸ್‌ಗೆ ಕಟ್ಟಿದ್ದ ಬೆಲೆ ಹತ್ತಿರಹತ್ತಿರ 6 ಲಕ್ಷ ಕೋಟಿ. ಷೇರುದಾರರಿಗೆ ಹೋಗುವ 23,300 ಕೋಟಿ ಅದರ ಶೇ 4ರಷ್ಟು. ಬಯಸುವ ಪ್ರತಿಫಲ ಶೇ 12 ಎಂದಾದರೆ ಉಳಿದ ಶೇ 8 ಬೆಳವಣಿಗೆಯಿಂದಲೇ ಬರಬೇಕು. ಅಂದರೆ ಆ ದಿನ ಷೇರು ಕೊಂಡವರು, ತಿಳಿದೋ ತಿಳಿಯದೆಯೋ, ಹೆಚ್ಚುಕಡಿಮೆ ಲಾಭವನ್ನೆಲ್ಲ ಹಂಚುತ್ತಲೇ ಈ ಕಂಪನಿ ಬಹುಕಾಲ ವರ್ಷಕ್ಕೆ ಶೇ 8 ಬೆಳೆದೀತು ಎಂದು ಪಣ ಕಟ್ಟಿದ್ದರು. ಅದು ಸಾಧ್ಯವೇ ಅಲ್ಲವೇ ಎಂಬುದು ಅಮೆರಿಕ, ಯುರೋಪಿನ ಗ್ರಾಹಕರು ತಂತ್ರಜ್ಞಾನಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮೇಲೆ ನಿಂತ ವಿಷಯ. ಆರ್‌ಒಇ ಅದಕ್ಕೆ ಉತ್ತರ ಹೇಳಲಾರದು.

ಸೂತ್ರ ನಿಜವಾಗಿ ಬಿಗಿಯಾಗಿ ಹಿಡಿಯುವುದು ಬ್ಯಾಂಕುಗಳನ್ನು. ಕೊಟ್ಟ ಸಾಲ, ಅದರ ಅಪಾಯಕ್ಕೆ ತಕ್ಕಷ್ಟು ಬಂಡವಾಳ ಇರಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕನಿಷ್ಠ ಶೇ 9, ಅದರ ಮೇಲೆ ಕಾಪು ಬಂಡವಾಳ ಬೇರೆ. ಒಂದು ಬ್ಯಾಂಕಿನ ಆರ್‌ಒಇ ಶೇ 15, ಉಳಿಕೆ ಶೇ 80 ಎಂದುಕೊಳ್ಳಿ. ಬಂಡವಾಳ ವರ್ಷಕ್ಕೆ ಶೇ 12 ಬೆಳೆಯುತ್ತದೆ. ಸಾಲ ನೀಡಿಕೆಯನ್ನು ಮಾತ್ರ ಆಡಳಿತ ಮಂಡಳಿ ಶೇ 20ರಂತೆ ಬೆಳೆಸುತ್ತಿದೆ. ಶೇ 16 ಇದ್ದ ಬಂಡವಾಳ ಅನುಪಾತ ಒಂದು ವರ್ಷಕ್ಕೆ ಶೇ 15ರ ಹತ್ತಿರ, ಮೂರು ವರ್ಷಕ್ಕೆ ಶೇ 13ಕ್ಕೆ ಇಳಿಯುತ್ತದೆ. ಆಮೇಲೆ ಸಾಲ ಕೊಡುವುದನ್ನು ನಿಧಾನಿಸಬೇಕು, ಇಲ್ಲವೇ ಹೊಸ ಷೇರು ಮಾರಬೇಕು. ಹೊಸ ಷೇರು ಬಂದಾಗ ಬ್ಯಾಂಕಿನ ಒಟ್ಟು ಲಾಭ ಶೇ 20 ಏರಿದರೂ ನಿಮ್ಮ ಒಂದು ಷೇರಿನ ಪಾಲಿಗೆ ಬರುವ ಏರಿಕೆ ಅಷ್ಟಿರುವುದಿಲ್ಲ. ಬೆಲೆ ಕಟ್ಟುವಾಗ ನೋಡಬೇಕಾದದ್ದು ಷೇರೊಂದರ ಗಳಿಕೆಯನ್ನು.

ಬ್ಯಾಂಕಲ್ಲದ ಕಂಪನಿಗಳಲ್ಲಿ ಇದೇ ಒತ್ತಡ ಸಾಲದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸುಸ್ಥಿರ ದರ ಶೇ 9 ಇರುವ ಕಂಪನಿ ನಾಲ್ಕೈದು ವರ್ಷ ಶೇ 20 ಬೆಳೆದಿದೆ ಎಂದರೆ, ಷೇರು ಮಾರದಿದ್ದರೆ ಸಾಲ ಏರಿರಬೇಕು ಅಥವಾ ಸರಕು ಕೊಟ್ಟವರ ಬಾಕಿ ಬೆಳೆದಿರಬೇಕು. ಸಾಲ ಏರಿದಾಗ ಆರ್‌ಒಇ ಕೂಡ ಏರಿದಂತೆ ಕಾಣುತ್ತದೆ, ಸೂತ್ರ ಇನ್ನೂ ದೊಡ್ಡ ಬೆಳವಣಿಗೆ ದರ ಕೊಡುತ್ತದೆ. ಆ ಹೊತ್ತಿಗೆ ಬಡ್ಡಿ ದರ ಮೇಲೆ ಹೋದರೆ ಎರಡೂ ಒಟ್ಟಿಗೆ ಕುಸಿಯುತ್ತವೆ.

ನಿಮ್ಮ ಬಳಿ ಷೇರು ಇರುವ ಕಂಪನಿಯ ವಾರ್ಷಿಕ ವರದಿಯಲ್ಲಿ ಈಕ್ವಿಟಿ ಬದಲಾವಣೆಯ ಪಟ್ಟಿ ಎಂಬ ಪುಟ ಇರುತ್ತದೆ. ವರ್ಷದ ಆರಂಭದ ಬಂಡವಾಳ, ಸೇರಿದ ಲಾಭ, ಹೋದ ಡಿವಿಡೆಂಡ್, ಹೋದ ಬೈಬ್ಯಾಕ್, ಹೊಸದಾಗಿ ಮಾರಿದ ಷೇರು ಎಲ್ಲವೂ ಅದರಲ್ಲಿ ಸಾಲಾಗಿ ಸಿಗುತ್ತವೆ. ಐದು ವರ್ಷದ ಆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೀವೇ ಗುಣಿಸಿ ನೋಡಿ. ದಲ್ಲಾಳಿ ವರದಿಯ ಕೊನೆಯ ಕೋಷ್ಟಕದ ದರ ಅದಕ್ಕಿಂತ ಬಹಳ ಮೇಲಿದ್ದರೆ, ವ್ಯತ್ಯಾಸದ ದುಡ್ಡನ್ನು ಯಾರು ಕೊಡುತ್ತಾರೆ ಎಂದು ವರದಿ ಬರೆದವರನ್ನೇ ಕೇಳಿ.